ನಿಮ್ಮ ನಂಬರ್ ಹ್ಯಾಕ್ ಆಗೇತೇನ್ರಿ ಅಕ್ಕಾರ?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿ, ಫ್ಲೆಕ್ಸ್, ಬಿಲ್ ಬುಕ್ಕು, ಹೀಗೆ ಬೆಳಿಗ್ಗೆಯಿಂದ ರಾತ್ರಿ ತನಕ ಬೇರೆಯವರ ಕನ್ನಡ ಟೈಪ್ ಮಾಡುವುದೇ ನನ್ನ ಕೆಲಸ. ಮೊದಲೆಲ್ಲ ಜನ ಚೀಟಿಯಲ್ಲಿ ಬರೆದು ತರುತ್ತಿದ್ದರು. ಈಗ ಮೊಬೈಲ್ ತೋರಿಸುತ್ತಾರೆ. "ಎಐದಾಗ ಬರಸೀನ್ರಿ, ಇದನ್ನ ಹಂಗ ಹಾಕ್ರಿ" ಅನ್ನುತ್ತಾರೆ. ಓದಿದ ಕೂಡಲೇ ಗೊತ್ತಾಗುತ್ತೆ, ಇದು ಮನುಷ್ಯರು ಬರೆದದ್ದಲ್ಲ ಅಂತ. ತಪ್ಪು ಒಂದೂ ಇರುವುದಿಲ್ಲ, ಒತ್ತಕ್ಷರ ಕೂಡ ಸರಿಯಾಗಿರುತ್ತೆ. ಆದರೂ ಇಸ್ತ್ರಿ ಜಾಸ್ತಿಯಾಗಿ ಮಡಿಚೋಕೇ ಬಾರದ ಅಂಗಿಯ ಹಾಗೆ ಇರುತ್ತೆ.

ಹೋದ ದೀಪಾವಳಿಗೆ ಮುಂಚೆ ಇಳಕಲ್ಲಿನಿಂದ ಒಬ್ಬ ಅಕ್ಕ ವಿಸಿಟಿಂಗ್ ಕಾರ್ಡ್ ಮಾಡಿಸೋಕೆ ಬಂದಿದ್ದರು. ಮನೆಯಲ್ಲಿ ಎರಡು ಮಗ್ಗ ಇವೆ. ಗಂಡ ನೇಯುತ್ತಾರೆ, ಇವರು ಮಾರುತ್ತಾರೆ. ವಾಟ್ಸಾಪಿನಲ್ಲಿ ನೂರಾರು ಹೆಣ್ಣುಮಕ್ಕಳ ನಂಬರ್ ಇಟ್ಟುಕೊಂಡು, ಸೀರೆ ಮಗ್ಗದಿಂದ ಇಳಿದ ಹಾಗೆ ಫೋಟೋ ಹಾಕುವುದು ಅವರ ವ್ಯಾಪಾರ. ಇಷ್ಟು ದಿನ ಫೋಟೋದ ಜೊತೆಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದರಂತೆ. ಈ ಸಲ ಮಗ "ಎಷ್ಟ್ ದಿನ ಅದನ್ನ ಮಾಡ್ತಿ ಅವ್ವ" ಅಂದು, ಮೊಬೈಲಿನ ಎಐ ಆ್ಯಪಿನಲ್ಲಿ ಒಂದು ಚಂದದ ಮೆಸೇಜ್ ಬರೆಸಿ ಎಲ್ಲರಿಗೂ ಕಳಿಸಿದ್ದ. ಸಂಜೆ ಹುಬ್ಬಳ್ಳಿಯ ಖಾಯಂ ಗಿರಾಕಿಯೊಬ್ಬರ ಫೋನ್ ಬಂತು. "ಅಕ್ಕಾರ, ನಿಮ್ಮ ನಂಬರ್ ಹ್ಯಾಕ್ ಆಗೇತೇನ್ರಿ? ಏನೇನೋ ಮೆಸೇಜ್ ಬಂದೈತಿ, ನಾ ಒತ್ತಾಕ ಹೋಗಿಲ್ಲ."

ಆ ಮೆಸೇಜ್ ಇದು:

"ಪ್ರಿಯ ಗ್ರಾಹಕರೇ, ನಮ್ಮ ಇಳಕಲ್ ಸೀರೆಗಳ ಹೊಸ ಸಂಗ್ರಹವನ್ನು ನಿಮಗೆ ಪರಿಚಯಿಸಲು ನಾವು ಉತ್ಸುಕರಾಗಿದ್ದೇವೆ. ಪ್ರತಿಯೊಂದು ಸೀರೆಯೂ ನುರಿತ ಕುಶಲಕರ್ಮಿಗಳಿಂದ ಕೈಯಿಂದ ನೇಯಲ್ಪಟ್ಟಿದೆ ಮತ್ತು ಇದು ಸಂಪ್ರದಾಯ ಮತ್ತು ಸೊಬಗಿನ ಪರಿಪೂರ್ಣ ಸಮ್ಮಿಲನವಾಗಿದೆ. ಆಕರ್ಷಕ ಗಡಿಗಳು ಮತ್ತು ಶುದ್ಧ ರೇಷ್ಮೆಯ ಪಲ್ಲುವನ್ನು ಇದು ಒಳಗೊಂಡಿದೆ. ನಿಮ್ಮ ಆದೇಶವನ್ನು ನೀಡಲು ದಯವಿಟ್ಟು ಈ ಕೆಳಗಿನ ಸಂಖ್ಯೆಯನ್ನು ಸಂಪರ್ಕಿಸಿ."

"ಗಡಿ ಅಂದ್ರ ಏನ್ರಿ ಇದು?" ಅಂತ ಅಕ್ಕ ಕೇಳಿದರು. ಸೀರೆಯ ದಡಿ ಅದು. ಇಂಗ್ಲಿಷಿನ ಬಾರ್ಡರ್ ಅನ್ನುವ ಮಾತು ಹೊಟ್ಟೆಯೊಳಗೆ ಇಟ್ಟುಕೊಂಡು ಬರೆದದ್ದಕ್ಕೆ ದಡಿ ಹೋಗಿ ಗಡಿ ಬಂದಿದೆ. ದೇಶದ ಗಡಿ, ರಾಜ್ಯದ ಗಡಿ. ಬೆಳಗಾವಿ ಕಡೆಯವರಿಗೆ ಆ ಮೆಸೇಜ್ ಹೋಗಿದ್ದರೆ ಬೇರೆ ಏನಾದರೂ ಅಂದುಕೊಳ್ಳುತ್ತಿದ್ದರೇನೋ.

ಹುಬ್ಬಳ್ಳಿಯ ಗಿರಾಕಿಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ನಮಗೆ ಹೀಗೆ ಬರೆಯುವವರು ಯಾರು ಹೇಳಿ? ಬ್ಯಾಂಕು, ಸಿಮ್ ಕಂಪನಿ, ಲಾಟರಿ ಹೊಡೆದಿದೆ ಅನ್ನುವ ಕಳ್ಳರು. ಗುರುತಿನ ಅಕ್ಕ ಹೀಗೆ ಬರೆಯುವುದಿಲ್ಲ.

ಅವತ್ತು ಅಂಗಡಿಯಲ್ಲಿ ಜನ ಕಮ್ಮಿ ಇದ್ದರು. ಚಹಾ ತರಿಸಿ, ಅದೇ ಮೊಬೈಲ್ ಇಟ್ಟುಕೊಂಡು ಇಬ್ಬರೂ ಕೂತೆವು. ಅಕ್ಕನ ಮೊದಲ ದೂರು, "ದೊಡ್ಡ ದೊಡ್ಡ ಶಬ್ದ ಅದಾವ್ರಿ" ಅಂತ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸರಿ, "ಸರಳ ಪದಗಳಲ್ಲಿ ಬರೆ" ಅಂತ ಹಾಕಿದೆವು. ಬಂದದ್ದು ಇದು:

"ಆತ್ಮೀಯರೇ, ನಮ್ಮ ಹೊಸ ಇಳಕಲ್ ಸೀರೆಗಳನ್ನು ನಿಮಗೆ ತೋರಿಸಲು ನಮಗೆ ತುಂಬಾ ಸಂತೋಷವಾಗುತ್ತಿದೆ. ಪ್ರತಿಯೊಂದು ಸೀರೆಯನ್ನು ಕೈಯಿಂದ ನೇಯಲಾಗಿದೆ ಮತ್ತು ಇದು ತುಂಬಾ ಸುಂದರವಾಗಿದೆ. ಸೀರೆಯನ್ನು ಖರೀದಿಸಲು ದಯವಿಟ್ಟು ನಮಗೆ ಕರೆ ಮಾಡಿ."

ಇದರಲ್ಲಿ ಒಂದಾದರೂ ಕಷ್ಟದ ಪದ ಇದೆಯಾ? ಇಲ್ಲ. ನಾಲ್ಕನೇ ಇಯತ್ತೆಯ ಹುಡುಗನೂ ಓದುತ್ತಾನೆ. ಆದರೂ ಯಾರೂ ಹೀಗೆ ಮಾತಾಡುವುದಿಲ್ಲ. ಉತ್ಸುಕ ಹೋಗಿ ಸಂತೋಷ ಬಂತು, ಸಂಪರ್ಕಿಸಿ ಹೋಗಿ ಕರೆ ಮಾಡಿ ಬಂತು, ಆದರೆ ಬಿಗಿತ ಎಲ್ಲಿತ್ತೋ ಅಲ್ಲೇ ಇದೆ. ಅವತ್ತು ನನಗೆ ಹೊಳೆದದ್ದು ಇಷ್ಟು: ಬಿಗಿತ ಪದಗಳಲ್ಲಿ ಇಲ್ಲ, ಕೀಲುಗಳಲ್ಲಿ ಇದೆ. ಪದದ ಕೊನೆ, ಕ್ರಿಯಾಪದದ ಬಾಲ, ಎರಡು ಮಾತು ಸೇರುವ ಜಾಗ. ಅಲ್ಲಿ ಎಣ್ಣೆ ಹಾಕದೆ ಪದ ಎಷ್ಟು ಬದಲಿಸಿದರೂ ಬಾಗಿಲು ಕಿರ್ರ್ ಅನ್ನುವುದು ನಿಲ್ಲುವುದಿಲ್ಲ.

ಒಂದೊಂದಾಗಿ ನೋಡೋಣ. "ಸೀರೆಯನ್ನು ಖರೀದಿಸಲು." ನಾವು ಮಾತಾಡುವಾಗ ವಸ್ತುವಿಗೆ ಈ "ಅನ್ನು" ಹಚ್ಚುವುದು ಅಪರೂಪ. ಚಹಾ ಕುಡಿದೆ, ಸೀರೆ ತಗೊಂಡೆ, ಬಾಗಿಲು ಹಾಕು ಅನ್ನುತ್ತೇವೆ. ಚಹಾವನ್ನು ಕುಡಿದೆ ಅಂದರೆ ಯಾವುದೋ ನಾಟಕದ ಸಾಲಿನ ಹಾಗೆ ಕೇಳುತ್ತೆ. ಅದೇ ಮನುಷ್ಯರ ವಿಷಯಕ್ಕೆ ಬಂದರೆ ಬಿಡೋಕಾಗುವುದಿಲ್ಲ. "ಮಗ ಕರೆದೆ" ಅನ್ನೋಕೆ ಬರುವುದಿಲ್ಲ, "ಮಗನನ್ನು ಕರೆದೆ" ಅನ್ನಲೇಬೇಕು. ವಸ್ತುವೇ ಆದರೂ "ಇದೇ, ಬೇರೆ ಅಲ್ಲ" ಅಂತ ಒತ್ತಿ ಹೇಳುವಾಗ ಹಚ್ಚುತ್ತೇವೆ: "ಆ ಕೆಂಪು ಸೀರೇನ ತೆಗೆದಿಡಿ." ಅಂದರೆ ಈ ಪ್ರತ್ಯಯ ನಮಗೆ ಬೇಕಾದಾಗ ತೆಗೆದು ಹಚ್ಚುವ ಗುಂಡಿ. ಯಂತ್ರ ಅದನ್ನು ಸಿಕ್ಕಸಿಕ್ಕಲ್ಲೆಲ್ಲ ಹೊಲಿದುಬಿಡುತ್ತೆ, ಯಾಕೆಂದರೆ ಬರೆದ ಕನ್ನಡದಲ್ಲಿ ಅದು ಹಾಗೇ ಸಿಕ್ಕಿದೆ.

ಇನ್ನೊಂದು "ಆಗಿದೆ". "ಇದು ಸಮ್ಮಿಲನವಾಗಿದೆ", "ಬಾಗಲಕೋಟೆ ಒಂದು ಜಿಲ್ಲೆಯಾಗಿದೆ". ಕನ್ನಡದಲ್ಲಿ "ಇದು ನಮ್ಮ ಮನೆ" ಅಂದರೆ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ. ಇಂಗ್ಲಿಷಿಗೆ ಅಲ್ಲೊಂದು ಕ್ರಿಯಾಪದ ಇಲ್ಲದಿದ್ದರೆ ನಡೆಯುವುದಿಲ್ಲ. ಅದರ ನೆರಳಿಗೆ ನಾವು "ಆಗಿದೆ" ತಂದು ನಿಲ್ಲಿಸಿದ್ದೇವೆ. ನಿಜವಾಗಿ ಆದದ್ದಕ್ಕೆ "ಆಗಿದೆ" ಅನ್ನಿ, ತೊಂದರೆಯಿಲ್ಲ. ಮದುವೆ ಆಗಿದೆ, ಊಟ ಆಗಿದೆ. ಮನೆಯಾಗಿದೆ ಅಂದರೆ ಮಾತ್ರ ನಿನ್ನೆ ಅದು ಏನಾಗಿತ್ತು ಅಂತ ಕೇಳಬೇಕಾಗುತ್ತೆ. "ಒಂದು ಜಿಲ್ಲೆ" ಅನ್ನುವ "ಒಂದು" ಕೂಡ ಅಲ್ಲಿಂದಲೇ ಬಂದದ್ದು. ಎರಡು ಜಿಲ್ಲೆ ಅಂತ ಯಾರೂ ಅಂದುಕೊಂಡಿರಲಿಲ್ಲವಲ್ಲ.

"ನೇಯಲ್ಪಟ್ಟಿದೆ" ಬಗ್ಗೆ ಅಕ್ಕನೇ ಒಂದು ಮಾತು ಹೇಳಿದರು. "ಯಾರು ನೇಯ್ದಾರ ಅನ್ನೂದು ಇದರಾಗ ಇಲ್ಲಲ್ರಿ. ನಮ್ಮ ಮನಿಯವರು ನೇಯ್ದಾರ, ಅದನ್ನ ಹೇಳಬೇಕಲ್ಲ?" ಸರಿಯಾದ ಮಾತು. ಮಾಡಿದವರ ಹೆಸರು ಹೇಳಬಾರದು ಅಂತಿದ್ದಾಗ, ಸರ್ಕಾರಿ ಆದೇಶದಲ್ಲಿ, ಈ ಪಡು, ಲಾಗಿದೆ, ಲಾಗುವುದು ಎಲ್ಲ ಅನುಕೂಲ. ಇಲ್ಲಿ ಮಾಡಿದವರೇ ವ್ಯಾಪಾರದ ಬಂಡವಾಳ.

"ದಯವಿಟ್ಟು" ಅನ್ನೋದು ಬೇರೆ ಕಥೆ. ಮರ್ಯಾದೆಯನ್ನು ಕನ್ನಡ ಕ್ರಿಯಾಪದದ ಕೊನೆಯಲ್ಲಿ ಇಡುತ್ತೆ. ಹೇಳಿ, ಹೇಳ್ರಿ, ಸ್ವಲ್ಪ ಹೇಳ್ತೀರಾ. ಅಷ್ಟರಲ್ಲೇ ಎಲ್ಲ ಬಂತು. ಅದರ ಮೇಲೆ ದಯವಿಟ್ಟು ಸೇರಿಸಿದರೆ ಮರ್ಯಾದೆ ಹೆಚ್ಚುವುದಿಲ್ಲ, ದೂರ ಹೆಚ್ಚುತ್ತೆ. ನಮ್ಮ ಕಡೆ ಮನೆಯೊಳಗೆ ಯಾರಾದರೂ ದಯವಿಟ್ಟು ಅಂದರೆ ಜಗಳ ಶುರುವಾಗಿದೆ ಅಂತ ಅರ್ಥ.

ಇವೆಲ್ಲ ಇರಬಾರದಿದ್ದೂ ಇರುವಂಥವು. ಇರಬೇಕಾಗಿದ್ದೂ ಇಲ್ಲದ್ದು ಒಂದಿದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನಾವು ಒಂದು ಕ್ರಿಯಾಪದಕ್ಕೆ ಇನ್ನೊಂದನ್ನು ಜೋಡಿಸುತ್ತೇವೆ: ಹೇಳಿಬಿಡಿ, ಬರೆದುಕೊಡಿ, ತೆಗೆದಿಡಿ, ನೋಡಿಕೊಳ್ಳಿ. "ಬರೆಯಿರಿ" ಬೇರೆ, "ಬರೆದುಕೊಡಿ" ಬೇರೆ. ಎರಡನೆಯದರಲ್ಲಿ ನನಗೋಸ್ಕರ ಅನ್ನುವುದು ಸೇರಿದೆ. "ತೆಗೆದಿಡುತ್ತೇನೆ" ಅಂದರೆ ನಿಮಗಾಗಿ, ಬೇರೆಯವರಿಗೆ ಕೊಡದೆ, ನೀವು ಬರುವ ತನಕ, ಇಷ್ಟೆಲ್ಲ ಬಂತು. ಇಂಗ್ಲಿಷಿನಲ್ಲಿ ಈ ಜೋಡಿ ಇಲ್ಲ. ಹಾಗಾಗಿ ಇಂಗ್ಲಿಷ್ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡದಲ್ಲಿ ಇದು ಬರುವುದೇ ಇಲ್ಲ. ಅಕ್ಕನ ಮಗ ಬರೆಸಿದ ಇನ್ನೊಂದು ಮೆಸೇಜಿನಲ್ಲಿ "ನಾವು ಅದನ್ನು ನಿಮಗಾಗಿ ಕಾಯ್ದಿರಿಸುತ್ತೇವೆ" ಅಂತ ಇತ್ತು. ರೈಲ್ವೆ ಸೀಟು ನೆನಪಾಯಿತು. ತೆಗೆದಿಡುತ್ತೇನೆ ಅಂದಿದ್ದರೆ ಸಾಕಿತ್ತು.

ಯಾಕೆ ಹೀಗೆ ಬರೆಯುತ್ತೆ ಅಂದರೆ, ಇಂಥ ಯಂತ್ರ ಕನ್ನಡವನ್ನು ಕೇಳಿ ಕಲಿತದ್ದಲ್ಲ, ಓದಿ ಕಲಿತದ್ದು. ಕೋಟಿಗಟ್ಟಲೆ ಸಾಲು ಓದಿ, ಈ ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಕಟ್ಟುತ್ತೆ. ಹಾಗಾದರೆ ಕನ್ನಡ ಲಿಪಿಯಲ್ಲಿ ಅದಕ್ಕೆ ಓದೋಕೆ ಸಿಕ್ಕಿದ್ದು ಏನು? ಪತ್ರಿಕೆಗಳ ವರದಿ, ಸರ್ಕಾರಿ ಪ್ರಕಟಣೆ, ವಿಕಿಪೀಡಿಯ, ಪಠ್ಯಪುಸ್ತಕ, ಇಂಗ್ಲಿಷಿನಿಂದ ಅನುವಾದ ಆದ ವೆಬ್‌ಸೈಟುಗಳು. ಅದೂ ಸ್ವಲ್ಪವೇ. ಇಂಥ ಯಂತ್ರಗಳ ತರಬೇತಿಗೆ ಬಳಸುವ ಕಾಮನ್ ಕ್ರಾಲ್ ಅನ್ನುವ ದೊಡ್ಡ ವೆಬ್ ಸಂಗ್ರಹ ಇದೆ. ಅದರಲ್ಲಿ ಇಂಗ್ಲಿಷ್ ಪುಟ 100ಕ್ಕೆ 40ಕ್ಕಿಂತ ಜಾಸ್ತಿ. ಕನ್ನಡದ್ದು 100ಕ್ಕೆ 0.1 ಕೂಡ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಅಂದವರು ಸುಮಾರು 4.37 ಕೋಟಿ ಮಂದಿ. ಅಷ್ಟು ಜನ ದಿನವಿಡೀ ಆಡಿದ್ದೆಲ್ಲ ಗಾಳಿಗೆ ಹೋಯಿತು, ವಾಯ್ಸ್ ಮೆಸೇಜಿಗೆ ಹೋಯಿತು. ಇಲ್ಲವಾದರೆ ಇಂಗ್ಲಿಷ್ ಅಕ್ಷರದಲ್ಲಿ `yen madakattiri` ಅಂತ ಚಾಟಿಗೆ ಹೋಯಿತು. ಕನ್ನಡ ಅಕ್ಷರದಲ್ಲಿ ಉಳಿದದ್ದು ನಾವು ಮೈ ಬಿಗಿ ಹಿಡಿದು ಬರೆದದ್ದು ಮಾತ್ರ. ಅದನ್ನೇ ಓದಿದವರು ಬಿಗಿಯಾಗಿ ಮಾತಾಡದೆ ಇನ್ನೇನು ಮಾಡಿಯಾರು?

ನಮ್ಮ ಕಡೆಯವರಿಗೆ ಇನ್ನೊಂದು ಸುತ್ತು ದೂರ ಇದೆ. ಚಲೋ, ಭಾಳ, ಲಗೂನ, ಬರೋಬರಿ, ಸಾಲಿ, ಇವು ನಾವು ಬೆಳಗಾದರೆ ಆಡುವ ಮಾತು. ಪುಸ್ತಕದಲ್ಲಿ ಇವಕ್ಕೆ ಜಾಗ ಕಮ್ಮಿ. ಸಾಲಿಯಲ್ಲೂ ನಾವು ಸಾಲಿ ಅಂತ ಬರೆದರೆ ಮಾಸ್ತರು "ಶಾಲೆ" ಅಂತ ತಿದ್ದುತ್ತಿದ್ದರು. ಬೆಂಗಳೂರಿನ ಆಡುಮಾತಾದರೂ ಸೀರಿಯಲ್ಲು, ಟ್ರೋಲ್ ಪೇಜು ಅಂತ ಒಂದಿಷ್ಟು ಬರಹಕ್ಕೆ ಬಂದಿದೆ. ನಮ್ಮದು ಬಂದಿರುವುದು ಹೆಚ್ಚಾಗಿ ಕಾಮಿಡಿಯಲ್ಲಿ.

ಇದು ಗೊತ್ತಾದದ್ದು ಎರಡನೇ ಪ್ರಯತ್ನದಲ್ಲಿ. "ಆಡುಮಾತಿನಲ್ಲಿ ಬರೆ" ಅಂತ ಹಾಕಿದೆವು. "ಹಾಯ್ ಫ್ರೆಂಡ್ಸ್, ಸೂಪರ್ ಸೀರೆಗಳು ಬಂದಿವೆ ಗೊತ್ತಾ! ಮಿಸ್ ಮಾಡ್ಕೋಬೇಡಿ!" ಅಂತ ಬಂತು. ಅಕ್ಕನಿಗೆ ಐವತ್ತು ದಾಟಿದೆ. ಗಿರಾಕಿಗಳಲ್ಲಿ ಅರ್ಧ ಜನ ಅವರಿಗಿಂತ ದೊಡ್ಡವರು. ಆಮೇಲೆ "ಉತ್ತರ ಕರ್ನಾಟಕದ ಭಾಷೆಯಲ್ಲಿ ಬರೆ" ಅಂದೆವು. "ಏನ್ರೀ ಅಕ್ಕಾರ್ರೀ, ಹೆಂಗದೀರ್ರೀ, ಮಸ್ತ್ ಸೀರಿ ಬಂದೈತ್ರೀ, ಬಾಳ ಚೊಲೋ ಅದ ನೋಡ್ರೀ, ಇದನ್ನು ಖರೀದಿಸಲು ಬರ್ರೀ!" ಅಕ್ಕ ಜೋರಾಗಿ ನಕ್ಕರು. "ಇದು ನಮ್ಮನ್ನ ಚೇಷ್ಟಿ ಮಾಡಾಕತ್ತೈತಿ."

ಅವರು ನಕ್ಕದ್ದು ಯಾಕೆ ಅಂತ ನೋಡಿದರೆ ಎರಡು ಸಂಗತಿ ಕಾಣುತ್ತವೆ. ನಮ್ಮಲ್ಲಿ "ಐತಿ" ಅನ್ನುವವರೂ ಇದ್ದಾರೆ, "ಅದ" ಅನ್ನುವವರೂ ಇದ್ದಾರೆ. ಒಂದೇ ಉಸಿರಿನಲ್ಲಿ ಎರಡನ್ನೂ ಬೆರೆಸುವವರು ಕಮ್ಮಿ. ಯಾರು ಯಾವುದನ್ನು ಆಡುತ್ತಾರೆ ಅನ್ನುವುದರಲ್ಲೇ ಅವರ ಊರು, ಮನೆ ಗೊತ್ತಾಗುತ್ತೆ. ಇನ್ನು "ರೀ". ಅದನ್ನು ನಾವು ಪ್ರತಿ ಪದಕ್ಕೂ ಹಚ್ಚುವುದಿಲ್ಲ, ಮಾತು ಎದುರಿನವರ ಕೈಗೆ ಹೋಗುವ ಜಾಗದಲ್ಲಿ ಹಚ್ಚುತ್ತೇವೆ. ಅಷ್ಟೆಲ್ಲ ರೀ ಹಾಕಿಯೂ ನಡುವೆ "ಇದನ್ನು ಖರೀದಿಸಲು" ಹಾಗೇ ಕೂತಿತ್ತಲ್ಲ, ಅದನ್ನು ನೋಡಿ. ಮೇಲೆ ರುಮಾಲು ಸುತ್ತಿಕೊಂಡರೂ ಕೆಳಗೆ ಅದೇ ಸೂಟು.

ಅಕ್ಕನಿಗೆ ಅಪ್ಪಟ ಆಡುಮಾತೂ ಬೇಕಾಗಿರಲಿಲ್ಲ. "ಬಾಯಿಲೆ ಅಂದ್ರ ಚಂದ, ಬರ್ದ್ರ ಚಂದ ಕಾಣಂಗಿಲ್ರಿ. ಬೆಂಗಳೂರಾಗೂ ಗಿರಾಕಿ ಅದಾರ" ಅಂದರು. ಇದನ್ನು ನಾನು ಅಂಗಡಿಯಲ್ಲಿ ಬಹಳ ಸಲ ನೋಡಿದ್ದೇನೆ. ಜನಕ್ಕೆ ಬೇಕಾಗಿರುವುದು ಬರೆಯುವ ಕನ್ನಡವೇ. ಆದರೆ ಅದು ಗುರುತಿನವರು ಬರೆದ ಹಾಗಿರಬೇಕು. "ಇದೆ" ಅಂತಲೇ ಬರೆಯಿರಿ, "ಐತಿ" ಬೇಡ. ಆದರೆ "ಒಳಗೊಂಡಿದೆ" ಕೂಡ ಬೇಡ. ಈ ನಡುವಿನ ಕನ್ನಡಕ್ಕೆ ಹೆಸರಿಲ್ಲ. ಹೆಸರಿಲ್ಲದ್ದನ್ನು ಒಂದು ಮಾತಿನಲ್ಲಿ ಕೇಳೋಕೆ ಆಗುವುದಿಲ್ಲ, ತೋರಿಸಬೇಕಾಗುತ್ತೆ.

ತೋರಿಸೋಕೆ ನಮ್ಮ ಹತ್ತಿರ ಒಳ್ಳೆಯ ಮಾಲು ಇತ್ತು, ಅಕ್ಕನ ಹಳೆಯ ವಾಯ್ಸ್ ಮೆಸೇಜು. ಒಂದನ್ನು ಹಾಕಿ ಕೇಳಿದೆ. "ಅಕ್ಕಾರ, ಮಗ್ಗದಿಂದ ಇವತ್ತ ಮೂರು ಸೀರಿ ಇಳದಾವ್ರಿ. ದಾಳಿಂಬ್ರಿ ಬಣ್ಣ ಎರಡ, ಗಿಳಿ ಹಸರ ಒಂದ. ಗೋಮಿ ದಡಿ. ಬಿಸಲಾಗ ಫೋಟೋ ತಗದೀನಿ, ಬಣ್ಣ ಹಿಂಗ ಇರತೈತಿ. ಬೇಕಾದವರು ಶನಿವಾರದೊಳಗ ಹೇಳ್ರಿ, ತಗದಿಡ್ತೀನಿ." ಇದರಲ್ಲಿ ವ್ಯಾಪಾರಕ್ಕೆ ಬೇಕಾದ್ದೆಲ್ಲ ಇದೆ. ಯಂತ್ರದ ಮೆಸೇಜಿನಲ್ಲಿ ಇದ್ಯಾವುದೂ ಇರಲಿಲ್ಲ, ಎಷ್ಟು ಸೀರೆ, ಯಾವ ಬಣ್ಣ, ಯಾವತ್ತಿನ ತನಕ ಅನ್ನುವುದು ಕೂಡ. ಹುಡುಗ ಕೇಳಿದ್ದೇ ಹಾಗೆ. ಅವನು "ಇಳಕಲ್ ಸೀರೆಗೆ ಒಂದು ಮಾರ್ಕೆಟಿಂಗ್ ಮೆಸೇಜ್ ಬರೆ" ಅಂತ ಇಂಗ್ಲಿಷಿನಲ್ಲಿ ಹಾಕಿ, ಬಂದದ್ದನ್ನು "ಕನ್ನಡಕ್ಕೆ ಮಾಡು" ಅಂದಿದ್ದನಂತೆ. ಹೇಳೋಕೆ ಏನೂ ಕೊಡದೆ ಹೇಳು ಅಂದರೆ ಸಮ್ಮಿಲನ, ಸಂಪ್ರದಾಯ, ಪರಿಪೂರ್ಣ ಅಂತ ತುಂಬಲೇಬೇಕಲ್ವಾ? ಪೊಳ್ಳು ಮಾತಿಗೆ ಸಂಸ್ಕೃತ ಚೆನ್ನಾಗಿ ಒದಗುತ್ತೆ. ದಾಳಿಂಬೆ ಬಣ್ಣ ಎರಡು ಅನ್ನುವುದನ್ನು ಬಿಗಿಯಾಗಿ ಬರೆಯೋಕೆ ಸ್ವಲ್ಪ ಕಷ್ಟಪಡಬೇಕು.

ನಾನು ಹೊಸ ಚಾಟ್ ತೆರೆದು ಕನ್ನಡದಲ್ಲೇ ಹೀಗೆ ಬರೆದೆ:

```
ಬರೆಯುವವರು: ಇಳಕಲ್ಲಿನ 50 ದಾಟಿದ ಹೆಣ್ಣುಮಗಳು. ಮನೆಯಲ್ಲಿ
ಎರಡು ಮಗ್ಗ. ಓದುವವರು: ವರ್ಷಗಟ್ಟಲೆ ಸೀರೆ ಕೊಂಡ ಗುರುತಿನ
ಹೆಣ್ಣುಮಕ್ಕಳು, ಹಲವರು ದೊಡ್ಡವರು. 'ನೀವು' ಅಂತಲೇ ಬರೆ.
ವಾಟ್ಸಾಪ್ ಮೆಸೇಜ್, ಆರೇಳು ಸಣ್ಣ ವಾಕ್ಯ.

ಅವರು ಮಾತಾಡುವ ರೀತಿ ಇದು:
(ಇಲ್ಲಿ ವಾಯ್ಸ್ ಮೆಸೇಜ್ ಇದ್ದ ಹಾಗೇ ಟೈಪ್ ಮಾಡಿದೆ)

ಇದೇ ಓಟ, ಇದೇ ಅನುಕ್ರಮ ಇರಲಿ. ಐತಿ, ಅದಾವ ಬೇಡ;
ಇದೆ, ಇವೆ ಅಂತ ಬರೆ. ದಡಿ, ಸೆರಗು, ಒಡಲು, ಮಗ್ಗ
ಈ ಪದ ಬದಲಿಸಬೇಡ.

'ನೇಯಲಾಗಿದೆ' ಬೇಡ, ಯಾರು ನೇಯ್ದರು ಅಂತ ಹೇಳು.
'ಸೀರೆಯಾಗಿದೆ' ಬೇಡ, 'ಸೀರೆ' ಅಂತ ನಿಲ್ಲಿಸು.
'ಸೀರೆಯನ್ನು ಖರೀದಿಸಲು' ಬೇಡ, 'ಸೀರೆ ಬೇಕಾದವರು' ಅನ್ನು.
'ಮೂರು ಸೀರೆಗಳು' ಬೇಡ, 'ಮೂರು ಸೀರೆ' ಸಾಕು.
'ದಯವಿಟ್ಟು ಸಂಪರ್ಕಿಸಿ' ಬೇಡ, 'ಹೇಳಿ' ಸಾಕು.

ನಾನು ಕೊಟ್ಟ ಸಂಗತಿ ಮಾತ್ರ ಬರೆ. ಹೊಗಳಿಕೆ ಸೇರಿಸಬೇಡ.

ಇವತ್ತಿನ ಸೀರೆ: ಮೂರಕ್ಕೂ ಟೋಪ ತೆನಿ ಸೆರಗು. ಒಡಲು ಹತ್ತಿ,
ಸೆರಗು ಆರ್ಟ್ ಸಿಲ್ಕ್. ನೇಯ್ದವರು ಅವರ ಮನೆಯವರು.
```

"ಬೇಡ" ಅಂದ ಕಡೆಯಲ್ಲೆಲ್ಲ ಅದರ ಬದಲಿಗೆ ಏನು ಅಂತಲೂ ಬರೆದಿದ್ದೇನೆ, ನೋಡಿ. ಮೊದಲು ಸುಮ್ನೆ "ಕರ್ಮಣಿ ಪ್ರಯೋಗ ಬೇಡ" ಅಂತ ಹಾಕಿ ನೋಡಿದ್ದೆ. ವ್ಯಾಕರಣದ ಹೆಸರು ಅದಕ್ಕೆ ಗೊತ್ತು, ಆದರೆ ಬರೆಯುವಾಗ ಒಂದು ಕಡೆ ಬಿಟ್ಟು ಇನ್ನೊಂದು ಕಡೆ "ಲಾಗಿದೆ" ನುಸುಳಿತ್ತು. ಎರಡು ರೂಪ ಅಕ್ಕಪಕ್ಕ ಇಟ್ಟಾಗ ಹಿಡಿತ ಸಿಕ್ಕಿತು. ಎಲ್ಲಕ್ಕಿಂತ ಕೆಲಸ ಮಾಡಿದ್ದು ಮಾತ್ರ ವಾಯ್ಸ್ ಮೆಸೇಜಿನ ಆ ಐದು ಸಾಲು. ಮುಂದಿನ ಪದ ಊಹಿಸುವ ಯಂತ್ರಕ್ಕೆ ಎದುರಿಗಿರುವ ಸಾಲುಗಳೇ ದೊಡ್ಡ ಸೂಚನೆ. "ಆತ್ಮೀಯವಾಗಿ ಬರೆ" ಅಂತ ಬಿಗಿ ಕನ್ನಡದಲ್ಲಿ ಕೇಳಿದರೆ ಉತ್ತರವೂ ಆ ಬಿಗಿಯ ಕಡೆಗೇ ವಾಲುತ್ತೆ.

ಬಂದದ್ದನ್ನು ಅಕ್ಕ ಒಮ್ಮೆ ಗಟ್ಟಿಯಾಗಿ ಓದಿದರು. ನಾಲಿಗೆ ತಡೆದ ಕಡೆಯೆಲ್ಲ ನಿಲ್ಲಿಸಿ ತಿದ್ದಿದೆವು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಂತೂ ಗೊತ್ತಿಲ್ಲ. ಕಣ್ಣು ಸುಳ್ಳು ಹೇಳುತ್ತೆ, ಸಾಲಿಯಲ್ಲಿ ಇಂಥದ್ದನ್ನೇ ಓದಿ ಅದಕ್ಕೆ ರೂಢಿಯಾಗಿದೆ. ಬಾಯಿ ಹೇಳುವುದಿಲ್ಲ. ಒಂದು ಕಡೆ "ನಿಮ್ಮ ಇಷ್ಟದ ಸೀರೆಯನ್ನು ನೀವು ಆಯ್ಕೆ ಮಾಡಿ" ಅಂತ ಇತ್ತು. ಅಕ್ಕ ಅಲ್ಲಿ ಎಡವಿ, ಓದುವುದು ಬಿಟ್ಟು, "ಯಾವುದು ಬೇಕೋ ಹೇಳಿ" ಅಂದುಬಿಟ್ಟರು. ಅದನ್ನೇ ಹಾಕಿದೆ. ಕನ್ನಡದಲ್ಲಿ ಕ್ರಿಯಾಪದವೇ ಯಾರು ಅಂತ ಹೇಳುವಾಗ ನಾವು, ನೀವು, ನಿಮ್ಮ ಅಂತ ಪದೇಪದೇ ಹೇಳಬೇಕಾಗಿಲ್ಲ. ಕೊನೆಗೆ ನಿಂತದ್ದು ಇದು:

"ನಮಸ್ಕಾರ ಅಕ್ಕಾರೇ. ಇವತ್ತು ಮಗ್ಗದಿಂದ ಮೂರು ಸೀರೆ ಇಳಿದಿವೆ. ದಾಳಿಂಬೆ ಕೆಂಪು ಎರಡು, ಗಿಳಿ ಹಸಿರು ಒಂದು. ಮೂರಕ್ಕೂ ಗೋಮಿ ದಡಿ, ಟೋಪ ತೆನಿ ಸೆರಗು. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್. ನಮ್ಮ ಮನೆಯವರೇ ನೇಯ್ದದ್ದು. ಬಿಸಿಲಲ್ಲಿ ತೆಗೆದ ಫೋಟೋ, ಬಣ್ಣ ಹೀಗೇ ಇರುತ್ತೆ. ಯಾವುದು ಬೇಕೋ ಶನಿವಾರದೊಳಗೆ ಹೇಳಿ, ತೆಗೆದಿಡುತ್ತೇನೆ."

ಇದರಲ್ಲಿ "ಮತ್ತು" ಒಂದೂ ಇಲ್ಲ. ಬೇಕು ಅಂತ ತೆಗೆದದ್ದಲ್ಲ, ಬೇಕಾಗಲಿಲ್ಲ ಅಷ್ಟೆ. "ಮೂರಕ್ಕೂ" ಅನ್ನುವಲ್ಲಿ ಆ "ಊ" ಒಂದೇ ಎಲ್ಲವನ್ನೂ ಸೇರಿಸಿಕೊಂಡುಬಿಟ್ಟಿದೆ.

"ಆರ್ಟ್ ಸಿಲ್ಕ್", ಅಂದರೆ ಕೃತಕ ರೇಷ್ಮೆ, ಅದರ ಬಗ್ಗೆ ಒಂದು ಮಾತು. ಮೊದಲ ಮೆಸೇಜಿನಲ್ಲಿ "ಶುದ್ಧ ರೇಷ್ಮೆಯ ಪಲ್ಲು" ಅಂತ ಇದ್ದದ್ದು ನೆನಪಿರಬೇಕು. ಅದನ್ನು ಓದಿ ಅಕ್ಕ ಗಾಬರಿಯಾಗಿದ್ದರು. "ಈ ರೇಟಿಗೆ ರೇಷ್ಮಿ ಎಲ್ಲಿಂದ ಬರತೈತ್ರಿ? ನಾಳೆ ಗಿರಾಕಿ ನನ್ನ ಹಿಡದು ಕೇಳ್ತಾರ." ಇಳಕಲ್ ಸೀರೆಯಲ್ಲಿ ರೇಷ್ಮೆಯದೂ ಇದೆ, ಆರ್ಟ್ ಸಿಲ್ಕಿನದೂ ಇದೆ. ಯಾವುದು ಅಂತ ಹೇಳದಿದ್ದರೆ ಯಂತ್ರ ತನಗೆ ಚಂದ ಕಂಡದ್ದನ್ನು ಬರೆಯುತ್ತೆ. ನನಗೆ ಇದು ಬಿಗಿತಕ್ಕಿಂತ ದೊಡ್ಡ ಚಿಂತೆ. ಬಿಗಿ ಕನ್ನಡದಲ್ಲಿ ಸುಳ್ಳು ಬಂದರೆ ಜನ ಅದನ್ನು ಜಾಹೀರಾತು ಅಂತ ಬಿಟ್ಟುಬಿಡುತ್ತಾರೆ. ಮನೆಯ ಮಾತಿನಲ್ಲಿ ಅದೇ ಸುಳ್ಳು ಬಂದರೆ ನಂಬುತ್ತಾರೆ, ಆಮೇಲೆ ಅಕ್ಕನ ಮುಖಕ್ಕೆ ಬರುತ್ತಾರೆ. ಹಾಗಾಗಿ ಮಾತು ಸಲೀಸಾದ ಹಾಗೆ ಸಂಗತಿಯನ್ನು ಇನ್ನೊಂದು ಸಲ ಓದಿ ನೋಡಬೇಕಾಗುತ್ತೆ.

ಎರಡು ವಾರ ಬಿಟ್ಟು ಅಕ್ಕ ಮತ್ತೆ ಫೋನ್ ಮಾಡಿದರು. ಆ ಚಾಟಿನಲ್ಲೇ ಮುಂದುವರಿಸಿ ಏಳೆಂಟು ಮೆಸೇಜ್ ಬರೆಸಿದ್ದಾರೆ. ಮೊದಲ ಮೂರು ಚೆನ್ನಾಗಿದ್ದವಂತೆ. ಆಮೇಲೆ ಮೆಲ್ಲಗೆ "ಗ್ರಾಹಕರೇ" ವಾಪಸ್ ಬಂದಿದೆ, ಹಿಂದೆಯೇ "ಸಂಗ್ರಹ", ಅದರ ಹಿಂದೆ "ದಯವಿಟ್ಟು". ಕಳಿಸಿ ಅಂದೆ, ನೋಡಿದೆ. ನಾಲ್ಕನೆಯದರಲ್ಲಿ ಒಂದೇ ಒಂದು ಬಿಗಿ ವಾಕ್ಯ ನುಸುಳಿತ್ತು. ಅಕ್ಕ ಅದನ್ನು ಕಳಿಸುವಾಗ ವಾಟ್ಸಾಪಿನಲ್ಲಿ ತಿದ್ದಿಕೊಂಡಿದ್ದರು, ಚಾಟಿನಲ್ಲಿ ತಿದ್ದಿರಲಿಲ್ಲ. ಯಂತ್ರಕ್ಕೆ ತಾನು ಹಿಂದೆ ಬರೆದದ್ದೂ ಮಾದರಿಯೇ. ಆ ಒಂದು ವಾಕ್ಯವನ್ನು ನೋಡಿ ಐದನೆಯದರಲ್ಲಿ ಎರಡು, ಆರನೆಯದರಲ್ಲಿ ನಾಲ್ಕು. ನಮ್ಮ ಆ ಐದು ಸಾಲು ಅಷ್ಟೊತ್ತಿಗೆ ಬಹಳ ಮೇಲೆ ಹೋಗಿಬಿಟ್ಟಿತ್ತು. ಅದಕ್ಕೆ ಈಗ ಅಕ್ಕ ಪ್ರತಿ ಸಲ ಹೊಸ ಚಾಟ್ ತೆರೆಯುತ್ತಾರೆ. ಮೇಲಿನ ಆ ಕೋರಿಕೆಯನ್ನು ಫೋನಿನ ನೋಟ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಅದನ್ನು ಪೇಸ್ಟ್ ಮಾಡುತ್ತಾರೆ. ಕೆಳಗೆ ಅವತ್ತಿನ ಸೀರೆಯ ವಿವರ, ಜೊತೆಗೆ ಹಿಂದಿನ ವಾರ ಕೈಯಾರೆ ತಿದ್ದಿ ಕಳಿಸಿದ ಮೆಸೇಜ್. ಮಗ ಈಗ ಅದನ್ನು ಅವ್ವನ ಮಸಾಲಿ ಡಬ್ಬಿ ಅನ್ನುತ್ತಾನಂತೆ.

ಎಲ್ಲ ಕಡೆ ಇದೇ ಬೇಕು ಅಂತಲ್ಲ. ಮೊನ್ನೆ ಒಬ್ಬರು ಮಗಳ ಲಗ್ನಪತ್ರಿಕೆಯನ್ನು ಸರಳ ಆಡುಮಾತಿನಲ್ಲಿ ಬರೆಸಿ ತಂದಿದ್ದರು. ಅವರ ಅಣ್ಣನೇ ಬೇಡ ಅಂದರು. ಲಗ್ನಪತ್ರಿಕೆಯಲ್ಲಿ ಮೇಲೆ ದೇವರ ಹೆಸರು, ಚಿ. ರಾ., ಚಿ. ಕುಂ. ಸೌ., ಗುರು ಹಿರಿಯರು ನಿಶ್ಚಯಿಸಿದಂತೆ, ಇವೆಲ್ಲ ಇರಬೇಕು. ಅದು ಬಿಗಿಯೇ, ಆದರೆ ನಮ್ಮ ಬಿಗಿ, ಇಸ್ತ್ರಿ ಹಾಕಿದ ಧೋತರದ ಹಾಗೆ. ಯಂತ್ರಕ್ಕೆ ಅದೂ ಸರಿಯಾಗಿ ಬರುವುದಿಲ್ಲ. "ಈ ಶುಭ ಸಂದರ್ಭದಲ್ಲಿ ನಿಮ್ಮ ಉಪಸ್ಥಿತಿಯು ನಮಗೆ ಬಹಳಷ್ಟು ಅರ್ಥವನ್ನು ನೀಡುತ್ತದೆ" ಅಂತ ಬರೆದಿತ್ತು ಒಂದಕ್ಕೆ. ಹಳೆಯ ಪತ್ರಿಕೆ ಒಂದನ್ನು ಮಾದರಿ ಕೊಟ್ಟ ಮೇಲೆ ಸರಿಯಾಯಿತು.

ಕಳೆದ ವಾರ ಅಕ್ಕ ಕಾರ್ಡ್ ಒಯ್ಯೋಕೆ ಬಂದಿದ್ದರು. ಗಿಳಿ ಹಸಿರು ಅವತ್ತೇ ಸಂಜೆ ಹೋಗಿತ್ತಂತೆ, ಹುಬ್ಬಳ್ಳಿಯವರೇ ತಗೊಂಡದ್ದು. ದುಡ್ಡು ಕೊಟ್ಟು ಹೊರಗೆ ಹೋದವರು ಚಪ್ಪಲಿ ಹಾಕಿಕೊಳ್ಳುತ್ತಾ ನಮ್ಮ ಅಂಗಡಿಯ ಬೋರ್ಡು ನೋಡುತ್ತಾ ನಿಂತರು. ಹತ್ತು ವರ್ಷದ ಹಿಂದೆ ನಾನೇ ಬರೆದು, ನಾನೇ ಟೈಪ್ ಮಾಡಿ ಹಾಕಿಸಿದ್ದು. "ಇಲ್ಲಿ ಎಲ್ಲಾ ರೀತಿಯ ಮುದ್ರಣ ಕಾರ್ಯಗಳನ್ನು ಸ್ಪರ್ಧಾತ್ಮಕ ದರದಲ್ಲಿ ಮಾಡಿಕೊಡಲಾಗುವುದು."

"ಯಾರು ಮಾಡಿಕೊಡ್ತಾರ್ರಿ ಇಲ್ಲಿ?" ಅಂದರು ಅಕ್ಕ, ನಗುತ್ತಾ.

ಹೊಸ ಫ್ಲೆಕ್ಸಿಗೆ ಅಳತೆ ತಗೊಂಡಿದ್ದೇನೆ. ಏನು ಬರೆಯಬೇಕು ಅಂತ ಇನ್ನೂ ಕೂಡಿ ಬಂದಿಲ್ಲ.